ಏಳನೆಯ ಸ್ಲೈಡಿನ ಇಲಿ

ಐದನೇ ತರಗತಿಗೆ ವಿಜ್ಞಾನ ಹೇಳಿಕೊಡುವ ಟೀಚರಿಗೆ ಸ್ಟಾಫ್ ರೂಮಿನವರು ಇಟ್ಟ ಹೆಸರು ರೇಡಿಯೋ. ಬೆನ್ನ ಹಿಂದೆ ಪಿಸುಗುಡುವ ಹೆಸರಲ್ಲ. ಎದುರಿಗೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಒಂದು ಎಲೆಯ ಬಗ್ಗೆ ಹೇಳಲು ಹೊರಟರೆ ಬೇರು, ಮಣ್ಣು, ಮೋಡ, ತಾವು ಚಿಕ್ಕವರಿದ್ದಾಗ ಮರದಿಂದ ಬಿದ್ದು ಕೈ ಮುರಿದುಕೊಂಡ ಕತೆ, ಎಲ್ಲ ಸುತ್ತಿ ಬಂದು, ಗಂಟೆ ಹೊಡೆದ ಮೇಲೆ ಮತ್ತೆ ಎಲೆಗೆ ಬಂದು ನಿಲ್ಲುತ್ತಿದ್ದರು. ಮಕ್ಕಳಿಗೆ ಅದೇ ಇಷ್ಟ. ಪಾಠ ಮುಗಿಯಲಿಲ್ಲ ಎಂಬ ಕೊರಗು ಇದ್ದದ್ದು ಹೆಡ್ ಮಿಸ್ಸಿಗೆ ಮಾತ್ರ.

ಇಂಥವರ ತಲೆಯ ಮೇಲೆ ತರಬೇತಿಯ ಸಾಹೇಬರ ಹೊಸ ನಿಯಮ ಬಂದು ಕೂತಿತು. ಇನ್ನು ಮುಂದೆ ಪಾಠವೆಲ್ಲ ಸ್ಲೈಡಿನಲ್ಲಿ. ಒಂದು ಸ್ಲೈಡಿಗೆ ಐದೇ ಪದ. "ಚಿತ್ರ ಮಾತಾಡ್ಬೇಕು, ನೀವಲ್ಲ," ಎಂದು ಸಾಹೇಬರು ತರಬೇತಿಯಲ್ಲಿ ಇಡೀ ಮೂರು ಗಂಟೆ ಮಾತಾಡಿ ಹೇಳಿದ್ದರು. ಚೆನ್ನಾಗಿ ಮಾಡಿದವರ ಪಾಠ ಸುತ್ತಲಿನ ನಲವತ್ತು ಶಾಲೆಗಳಿಗೂ ಹೋಗುತ್ತದಂತೆ. ರೇಡಿಯೋ ಟೀಚರ ಪಾಲಿಗೆ ಬಂದದ್ದು ದ್ಯುತಿಸಂಶ್ಲೇಷಣೆ. ಆ ಒಂದು ಪದವೇ ಪರದೆಯ ಅರ್ಧ ನುಂಗುತ್ತದೆ, ಲೆಕ್ಕಕ್ಕೆ ಒಂದೇ ಪದ ಎಂಬುದಷ್ಟೇ ಸಮಾಧಾನ.

ಅವರು ಮೊದಲು ಮಾಡಿದ ಸ್ಲೈಡುಗಳು ಔಷಧಿ ಡಬ್ಬಿಯೊಳಗಿನ ಚೀಟಿಯ ಹಾಗಿದ್ದವು, ಉದ್ದಕ್ಕೂ ಸಣ್ಣಕ್ಷರ. ಅವರ ಗಂಡನದು ಬೋರ್ಡು ಬರೆಯುವ ಕೆಲಸ, ಅಂಗಡಿಗಳ ಹೆಸರುಹಲಗೆ, ಬ್ಯಾನರು, ಇಂಥವು. ನೋಡಿ ನಕ್ಕುಬಿಟ್ಟ.

"ಏನೇ ಇದು? ಓಡೋ ಬಸ್ಸಲ್ಲಿ ಕೂತೋನಿಗೆ ಅರ್ಥ ಆಗ್ಬೇಕು. ಅದು ಬೋರ್ಡು ಅಂದ್ರೆ."

"ನನ್ನ ಮಕ್ಕಳು ಬಸ್ಸಲ್ಲಿ ಕೂತಿರಲ್ಲ ರೀ, ಬೆಂಚಲ್ಲಿ ಕೂತಿರ್ತಾರೆ."

ಆದರೂ ಕೊನೆಗೆ ಗಂಡನೇ ಚಿತ್ರ ಬಿಡಿಸಿಕೊಟ್ಟ. ಒಳ್ಳೆಯ ಕೈ ಅವನದು. ಮೊದಲ ಸ್ಲೈಡಿನಲ್ಲಿ ಸೂರ್ಯ, ಕೆಳಗೊಂದು ಎಲೆ. ಎರಡನೆಯದರಲ್ಲಿ ಬೇರಿನಿಂದ ಕಾಂಡದೊಳಗೆ ಹತ್ತುವ ನೀಲಿ ಹನಿಗಳು. ಮೂರರಲ್ಲಿ ಎಲೆಯ ಅಡಿಭಾಗ ದೊಡ್ಡದಾಗಿ ಕಾಣುತ್ತದೆ, ತುಟಿಯಂತೆ ತೆರೆದ ಪುಟ್ಟ ರಂಧ್ರಗಳೊಳಗೆ ಬೂದು ಬಣ್ಣದ ಇಂಗಾಲದ ಡೈಆಕ್ಸೈಡು ನುಗ್ಗುತ್ತದೆ. ನಾಲ್ಕರಲ್ಲಿ ಎಲೆಯೊಳಗಿನ ಹಸಿರು ಉಂಡೆಗಳು ಬೆಳಕನ್ನು ಹಿಡಿಯುತ್ತವೆ. ಐದರಲ್ಲಿ ನೀರು, ಗಾಳಿ, ಬೆಳಕು ಸೇರಿ ಸಕ್ಕರೆ. ಆರರಲ್ಲಿ ಅದೇ ರಂಧ್ರಗಳಿಂದ ಬಿಳಿ ಗುಳ್ಳೆಗಳಾಗಿ ಆಮ್ಲಜನಕ ಹೊರಗೆ. ಟೀಚರ್ ಆ ಆರು ಸ್ಲೈಡು ನೋಡಿ ನೋಡಿ ಹಿಗ್ಗಿದರು. ತಾವು ಹದಿನೈದು ವರ್ಷ ಗಂಟಲು ಹರಿದುಕೊಂಡದ್ದೆಲ್ಲ ಇಷ್ಟೇನಾ ಅನ್ನಿಸಿ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಏಳನೆಯದು ಗಾಜಿನ ಗಂಟೆಯದು, ಎಂದರೆ ಗಂಟೆಯ ಆಕಾರದ ಗಾಜಿನ ಮುಚ್ಚಳದ್ದು. ಬಹಳ ಹಿಂದೆ ಒಬ್ಬ ವಿಜ್ಞಾನಿ ಗಾಜಿನ ಗಂಟೆಯ ಕೆಳಗೆ ಇಲಿಯೊಂದನ್ನೇ ಇಟ್ಟರೆ ಅದು ಬೇಗ ಕುಸಿಯುತ್ತದೆ, ಜೊತೆಗೆ ಗಿಡವಿಟ್ಟರೆ ಬದುಕುತ್ತದೆ ಎಂದು ತೋರಿಸಿದ ಪ್ರಯೋಗ. ಅದರ ಕೆಳಗೆ ಟೀಚರ್ ನಾಲ್ಕು ಸಾಲು ಬರೆದಿದ್ದರು: ಗಿಡ ಆಮ್ಲಜನಕ ಕೊಡುವುದು ಬೆಳಕಿದ್ದಾಗ. ಗಿಡವೂ ಹಗಲು ರಾತ್ರಿ ಉಸಿರಾಡುತ್ತದೆ. ಕತ್ತಲಲ್ಲಿ ಅದು ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ, ಕೊಡುವುದಿಲ್ಲ. ಇದನ್ನು ಮನೆಯಲ್ಲಿ ಯಾವ ಪ್ರಾಣಿಯ ಮೇಲೂ ಮಾಡಬಾರದು.

"ಇಲ್ಲಿ ಮತ್ತೆ ರೇಡಿಯೋ ಹಾಕಿದೀಯ, ಅಳಿಸು," ಎಂದ ಗಂಡ.

ಟೀಚರ್ ಬೆರಳು ಮಡಚಿ ಪದ ಎಣಿಸಿದರು. ಹದಿನೈದು ಆಗುತ್ತಲೇ ಎಣಿಸುವುದು ಬಿಟ್ಟರು. ಸಾಹೇಬರ ಮುಖ ನೆನಪಾಯಿತು. ಬಾಯಲ್ಲಿ ಹೇಳಿದರಾಯಿತು ಬಿಡು ಎಂದುಕೊಂಡು ನಾಲ್ಕೂ ಸಾಲನ್ನು ತಾವೇ ಅಳಿಸಿದರು. ಉಳಿದದ್ದು ಗಾಜಿನೊಳಗೆ ಒಂದು ಗಿಡ, ಅದರ ಪಕ್ಕ ಹಲ್ಲು ಕಿರಿಯುವ ದುಂಡನೆಯ ಇಲಿ, ಕೆಳಗೆ ಒಂದೇ ಪದ: ಬದುಕಿತು!

ಸೋಮವಾರ ಸಾಹೇಬರೂ ಹೆಡ್ ಮಿಸ್ಸೂ ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿದರು. ಕಿಟಕಿಗೆ ಹಳೆಯ ಕರಿ ಬಟ್ಟೆ ಕಟ್ಟಿ ಕತ್ತಲೆ ಮಾಡಿತ್ತು. ಮಕ್ಕಳು ಸ್ಲೈಡಿಗೊಂದು ಉದ್ಗಾರ ತೆಗೆದರು. ಇಲಿ ಬಂದಾಗ ಮೂವತ್ತೆಂಟು ಮಕ್ಕಳೂ ಚಪ್ಪಾಳೆ ತಟ್ಟಿದರು, ಸಾಹೇಬರೂ ತಟ್ಟಿದರು. ಆ ಚಪ್ಪಾಳೆಯಲ್ಲಿ ಟೀಚರ್ ಬಾಯಲ್ಲಿ ಹೇಳಬೇಕಾದ್ದನ್ನು ಹೇಳಲೇ ಇಲ್ಲ. ಮರೆತರು ಎನ್ನುವುದು ಪೂರ್ತಿ ನಿಜವಲ್ಲ. ಮಾತಾಡಿದರೆ ಮತ್ತೆ ರೇಡಿಯೋ ಎನ್ನುತ್ತಾರೆ ಎಂದು ನಾಲಗೆಯನ್ನು ಹಿಡಿದುಕೊಂಡರು.

ಪಾಠ ಮುಗಿದ ಮೇಲೆ ಸಾಹೇಬರು, ಶುಕ್ರವಾರ ಇನ್ನೊಮ್ಮೆ ನೋಡಿ ನಲವತ್ತು ಶಾಲೆಗೂ ಕಳಿಸೋಣ ಎಂದು ಬಾಗಿಲ ಬಳಿ ಹೊಗಳುತ್ತ ನಿಂತರು. ಟೀಚರ ಮೇಜಿನ ಮೇಲೆ ಒಂದು ಪ್ರಶ್ನೆ ಡಬ್ಬಿ ಇರುತ್ತಿತ್ತು. ಕೇಳಲು ನಾಚಿಕೆಯಾಗುವ ಮಕ್ಕಳು ಚೀಟಿ ಬರೆದು ಹಾಕುವುದು, ಟೀಚರ್ ಅದರ ಹಿಂದೆಯೇ ಉತ್ತರ ಬರೆದು ವಾಪಸು ಕೊಡುವುದು, ಅದು ಅವರೇ ಶುರುಮಾಡಿದ ರೂಢಿ. ಉತ್ತರ ಯಾವಾಗಲೂ ಪ್ರಶ್ನೆಯ ಹತ್ತುಪಟ್ಟು ಇರುತ್ತಿತ್ತು. ಅಂದು ಅವರು ಸಾಹೇಬರ ಕಡೆ ಮುಖ ಮಾಡಿ ನಗುತ್ತಲೇ, ಕೆಂಪು ಪೆನ್ನು ಹಿಡಿದು, ಪಾಠ ಮುಗಿಯುತ್ತಲೇ ಬಿದ್ದ ಒಂದೊಂದೇ ಚೀಟಿಯ ಮೇಲೆ ಕಣ್ಣಾಡಿಸಿ ರೈಟ್ ಹಾಕುತ್ತ ಹೋದರು. ಚೀಟಿಗೊಂದು ರೈಟು. ಒಂದೂ ಪದವಿಲ್ಲ.

ಮಂಗಳವಾರ ಮೂರನೇ ಬೆಂಚಿನ ತುದಿ ಖಾಲಿಯಿತ್ತು. ಬುಧವಾರವೂ ಖಾಲಿ. ಅಲ್ಲಿ ಕೂರುವ ಹುಡುಗಿಯನ್ನು ತರಗತಿಯೆಲ್ಲ ಚೀಟಿ ಎಂದೇ ಕರೆಯುತ್ತಿತ್ತು. ಬಾಯಿ ಬಿಟ್ಟು ಏನನ್ನೂ ಕೇಳದ ಮಗು ಅದು, ದಿನಕ್ಕೆ ಎರಡು ಚೀಟಿ ಮಾತ್ರ ತಪ್ಪದೆ ಹಾಕುತ್ತಿತ್ತು. ಎಲೆ ಉದುರುವಾಗ ಮರಕ್ಕೆ ನೋವಾಗುತ್ತಾ? ನೆರಳಿಗೆ ತೂಕ ಇದೆಯಾ? ಟೀಚರಿಗೆ ಆ ಚೀಟಿಗಳೆಂದರೆ ಪ್ರಾಣ.

ಗುರುವಾರ ಚೀಟಿ ಬಂದಳು, ತಲೆ ಎತ್ತಲಿಲ್ಲ. ಡಬ್ಬಿಯಲ್ಲಿ ಅವಳ ಬರಹ ಇರಲಿಲ್ಲ. ಸಂಜೆ ಶಾಲೆಯ ಗೇಟಿನ ಬಳಿ ಅವಳ ತಾಯಿ ಕಾದಿದ್ದರು. ಬಟ್ಟೆ ಹೊಲಿಯುವ ಹೆಂಗಸು, ಸೆರಗಿಗೆ ಇನ್ನೂ ಒಂದು ಗುಂಡುಸೂಜಿ ಚುಚ್ಚಿಕೊಂಡೇ ಇತ್ತು.

"ಮಿಸ್, ಸ್ವಲ್ಪ ಬುದ್ಧಿ ಹೇಳಿ ಇವಳಿಗೆ. ಎರಡು ದಿನದಿಂದ ಊಟ ಸರಿಯಾಗಿ ಮಾಡ್ತಿಲ್ಲ. ಒಂದು ಕೋಳಿಮರಿ ಸಾಕಿದ್ಲು, ಸತ್ತೋಯ್ತು."

"ಅಯ್ಯೋ, ಹೇಗೆ?"

"ಅದಕ್ಕೆ ನೆಗಡಿಯೋ ಏನೋ, ಬಾಯಿ ತೆಗೆದು ಗೊರಗೊರ ಅಂತಿತ್ತು. ಇವಳು ಕಿಟಕಿ ಬಳ್ಳಿಯಿಂದ ನಾಲ್ಕೆಲೆ ಇರೋ ಒಂದು ಕುಡಿ ಕಿತ್ತು, ಬಿಸ್ಕತ್ ಡಬ್ಬದಲ್ಲಿ ಇಟ್ಟು, ಮರೀನೂ ಅದರೊಳಗೇ ಇಟ್ಟು ಮುಚ್ಚಳ ಬಿಗಿಯಾಗಿ ತಿರುಗಿಸಿದಾಳೆ. ಬೆಕ್ಕು ಬರುತ್ತೆ ಅಂತ ಬೀರುವಿನೊಳಗೆ ಇಟ್ಟು ಮಲಗಿದಾಳೆ. ಬೆಳಿಗ್ಗೆ ನೋಡಿದ್ರೆ ಡಬ್ಬ ಎಲ್ಲ ಬೆವೆತಿತ್ತು. ಮರಿ ಎಲೆಗೆ ಒರಗಿಕೊಂಡು ಹೋಗಿತ್ತು."

ಟೀಚರಿಗೆ ಪರದೆಯ ಮೇಲಿನ ಇಲಿ ಕಣ್ಣ ಮುಂದೆ ಬಂತು.

"ಯಾಕೆ ಹಿಂಗ್ ಮಾಡ್ದೆ ಅಂದ್ರೆ, ಗಿಡ ಒಳ್ಳೆ ಗಾಳಿ ಕೊಡುತ್ತೆ, ಮುಚ್ಚಳ ತೆಗೆದ್ರೆ ಹೋಗಿಬಿಡುತ್ತೆ ಅಂತಾಳೆ. ಅಷ್ಟೇ ಆಗಿದ್ರೆ ಮಕ್ಕಳ ಬುದ್ಧಿ ಅಂತ ಬಿಡ್ತಿದ್ದೆ ಮಿಸ್. ನಿಮ್ಮ ಹೆಸರು ತಂದ್ಲು! ನಿಮ್ಮನ್ನ ಕೇಳಿದ್ಲಂತೆ, ನೀವೇ ರೈಟ್ ಹಾಕಿದೀರಂತೆ. ಒಂದು ಚೀಟಿ ಬೇರೆ ತೋರಿಸ್ತಾಳೆ, ಕೆಂಪು ಪೆನ್ನಿಂದು. ಮಿಸ್ ಅಂಥದ್ದು ಬರೀತಾರೇನೇ, ನೀನೇ ಗೀಚ್ಕೊಂಡು ಸುಳ್ಳು ಹೇಳ್ತೀಯ ಅಂತ ಎರಡು ಬಾರಿಸಿದೆ. ಹೊಡೆದದ್ದು ನನಗೇ ಬೇಜಾರು. ಆದ್ರೆ ಕೊಂದಿದ್ದೂ ಅಲ್ದೆ ಸುಳ್ಳು ಬೇರೆನಾ?"

ಹುಡುಗಿ ತಾಯಿಯ ಹಿಂದೆ ನಿಂತಿದ್ದಳು. ಅಷ್ಟು ಹೊತ್ತು ನೆಲ ನೋಡುತ್ತಿದ್ದವಳು ಈಗ ತಲೆಯೆತ್ತಿ ಟೀಚರ ಮುಖ ನೋಡಿದಳು. ಹೇಳಿಬಿಡಿ ಮಿಸ್ ಎಂದು ಆ ಕಣ್ಣು ಕೇಳುತ್ತಿದ್ದದ್ದು ಕುರುಡರಿಗೂ ಕಾಣುವಂತಿತ್ತು. ರೇಡಿಯೋ ಟೀಚರ್, ಹದಿನೈದು ವರ್ಷ ಒಂದು ಗಳಿಗೆ ಬಾಯಿ ಮುಚ್ಚದವರು, ಗೇಟಿನ ಕಂಬಿ ಹಿಡಿದುಕೊಂಡರು.

"ನಾನು ಮಾತಾಡ್ತೀನಿ ಅವಳ ಹತ್ರ," ಎಂದಷ್ಟೇ ಅಂದರು.

ಹುಡುಗಿಯ ತಲೆ ಮತ್ತೆ ಬಗ್ಗಿತು. ತಾಯಿ ಮಗಳು ರಸ್ತೆ ತಿರುಗುವವರೆಗೂ ಟೀಚರ್ ಗೇಟು ಹಿಡಿದುಕೊಂಡೇ ನಿಂತಿದ್ದರು. ಹೋಗುವವರನ್ನು ಕೂಗಿ ನಿಲ್ಲಿಸಲು ಎಷ್ಟು ಹೊತ್ತು ಬೇಕು? ಅವರಿಗೆ ಅಷ್ಟೂ ಆಗಲಿಲ್ಲ. ನಾಚಿಕೆಗೇಡು ಎಂದರೆ ಇದೇ, ಬೇರೆ ಹೆಸರಿಟ್ಟು ಉಪಯೋಗವಿಲ್ಲ.

ಮನೆಗೆ ಹೋಗದೆ ನೇರವಾಗಿ ಗಂಡನ ಅಂಗಡಿಗೆ ಹೋದರು. ಅವನು ನೆಲದಲ್ಲಿ ಕೂತು ಒಂದು ಹಲಗೆಗೆ ಬಿಳಿ ಬಳಿಯುತ್ತಿದ್ದ. ಎಲ್ಲ ಕೇಳಿಸಿಕೊಂಡು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದ.

"ಸ್ಲೈಡಲ್ಲಿ ಇರೋದು ಸುಳ್ಳಲ್ಲ ತಾನೇ? ಆ ಇಲಿ ಬದುಕಿದ್ದು ನಿಜ ತಾನೇ?"

"ನಿಜ ರೀ. ಆ ಗಂಟೆ ದೊಡ್ಡದು, ಗಿಡ ದೊಡ್ಡದು, ಬೆಳಕು ಇತ್ತು. ಇದು ಬಿಸ್ಕತ್ ಡಬ್ಬ, ನಾಲ್ಕೆಲೆ. ಹಗಲಲ್ಲೇ ಆ ನಾಲ್ಕೆಲೆ ಕೊಡೋ ಆಮ್ಲಜನಕ ಒಂದು ಮರೀಗೆ ಎಲ್ಲಿಗೂ ಸಾಲಲ್ಲ. ಕತ್ತಲಲ್ಲಿ ಅದೂ ಕೊಡಲ್ಲ, ಇರೋದನ್ನೇ ಬಳಸುತ್ತೆ. ಮರಿ ಬಿಟ್ಟ ಗಾಳಿ ಬೇರೆ ಅಲ್ಲೇ ತುಂಬಿಕೊಳ್ಳುತ್ತೆ. ಇದನ್ನೇ ನಾನು ಬರೆದಿದ್ದೆ. ಬರೆದು ಅಳಿಸಿದೆ."

"ಅಳಿಸು ಅಂದಿದ್ದು ನಾನು."

"ಕೀ ಒತ್ತಿದ್ದು ನಾನು. ಅದೂ ಹೋಗ್ಲಿ, ಆ ರೈಟು?"

ಗಂಡ ಬ್ರಷ್ಷನ್ನು ಕೆಳಗಿಟ್ಟ. "ನಾಳೆ ತಾನೇ ನಲವತ್ತು ಶಾಲೆಗೆ ಕಳಿಸೋದು? ಸಾಹೇಬರು ಬರ್ತಾರೆ ಅಂದಿದ್ದೆ. ಈಗ ಬಾಯಿ ಬಿಟ್ರೆ ನಿನ್ನ ಮರ್ಯಾದೆ ಏನಾಗುತ್ತೆ ಯೋಚಿಸು. ಆ ಚೀಟಿ ವಿಷಯ ಯಾರಿಗೆ ಗೊತ್ತು?"

"ಅವಳಿಗೆ ಗೊತ್ತು."

ಹಲಗೆಯ ಬಿಳಿ ಒಣಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದರು. ಟೀಚರಿಗೆ ಅಳು ಬಂತು, ಅತ್ತರು. ಅಷ್ಟು ಪುಟ್ಟ ಕೈ ಅಷ್ಟು ಜೋಪಾನದಿಂದ ಮುಚ್ಚಳ ತಿರುಗಿಸಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಒಂದೇ ಒಂದು ಸಲ ಆ ಚೀಟಿಯನ್ನು ನೆಟ್ಟಗೆ ಓದಿದ್ದರೆ! ನೆರಳಿಗೆ ತೂಕವಿದೆಯಾ ಎಂದು ಕೇಳಿದ್ದಕ್ಕೆ ಎರಡು ಪುಟ ಬರೆದವರು, ಒಂದು ಜೀವದ ಮಾತು ಬಂದಾಗ ಗೀಟೆಳೆದು ಕಳಿಸಿದ್ದರು.

ಶುಕ್ರವಾರ ಬೆಳಿಗ್ಗೆಯೇ ಹುಡುಗಿಯ ತಾಯಿಗೆ, ಮಧ್ಯಾಹ್ನ ಕೊನೆಯ ಪಿರಿಯಡ್ಡಿಗೆ ಬರಲೇಬೇಕು ಎಂದು ಹೇಳಿ ಕಳಿಸಿದರು. ಆಮೇಲೆ ಹೆಡ್ ಮಿಸ್ಸಿನ ಕೋಣೆಗೆ ಹೋದರು. ಹೆಡ್ ಮಿಸ್ ಕೆಟ್ಟವರಲ್ಲ, ಆದರೆ ಶಾಲೆಗೆ ಒಳ್ಳೆಯ ಹೆಸರು ಬಂದು ಬಹಳ ವರ್ಷಗಳಾಗಿದ್ದವು.

"ಎರಡು ಸಾಲು ಸೇರಿಸಿ ಕಳಿಸೋಣ, ಮುಗೀತಲ್ಲ. ಮಗೂನ ಪಕ್ಕಕ್ಕೆ ಕರೆದು ಸಮಾಧಾನ ಹೇಳಿ. ಸಾಹೇಬ್ರ ಮುಂದೆ, ತಾಯಿ ಮುಂದೆ ಯಾಕೆ ರಾಮಾಯಣ?"

"ಅವಳನ್ನ ಸುಳ್ಳಿ ಅಂದಿರೋದು ಪಕ್ಕಕ್ಕೆ ಕರೆದು ಅಲ್ಲ ಮೇಡಮ್. ಗೇಟಲ್ಲಿ ಅಂದ್ರು, ನಾನು ಕೇಳಿಸಿಕೊಂಡು ನಿಂತಿದ್ದೆ. ತರಗತಿಯಲ್ಲೂ ಮಕ್ಕಳು ಕೋಳಿ ಕೊಂದೋಳು ಅಂತಿದಾರೆ."

"ನಿಮ್ಮ ಇಷ್ಟ," ಎಂದು ಹೆಡ್ ಮಿಸ್ ಮುಖ ದಪ್ಪ ಮಾಡಿಕೊಂಡು ಕಡತ ತೆರೆದರು. "ಆಮೇಲೆ ನನ್ನ ಹೆಸರು ತರಬೇಡಿ."

ಕೊನೆಯ ಪಿರಿಯಡ್ಡು. ಕರಿ ಬಟ್ಟೆ ಕಟ್ಟಿದರು, ಪ್ರೊಜೆಕ್ಟರು ಗೊಂಯ್ ಎಂದಿತು. ಸಾಹೇಬರು ಹಿಂದಿನ ಬೆಂಚಿನಲ್ಲಿ, ಪಕ್ಕದಲ್ಲಿ ಬಿಗಿದ ಮುಖದ ಹೆಡ್ ಮಿಸ್. ಹುಡುಗಿಯ ತಾಯಿ ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತರು. ಟೀಚರ್ ಆರು ಸ್ಲೈಡನ್ನು ಮಾತಿಲ್ಲದೆ ದಾಟಿಸಿದರು. ಏಳನೆಯದು ಬಂತು. ಇಲಿ ಹಲ್ಲು ಕಿರಿಯಿತು. ಹಿಂದಿನ ಬೆಂಚಿನ ಯಾವನೋ "ಕೋಳಿ" ಎಂದು ಪಿಸುಗುಟ್ಟಿದ, ನಾಲ್ಕೈದು ಮಕ್ಕಳು ಕಿಸಕ್ಕೆಂದರು. ಚೀಟಿ ಬೆಂಚಿನ ಮರವನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಟೀಚರ್ ಹೋಗಿ ಕಿಟಕಿಯ ಕರಿ ಬಟ್ಟೆಯನ್ನು ಎಳೆದು ಬಿಚ್ಚಿದರು. ಬೆಳಕು ನುಗ್ಗಿ ಪರದೆಯ ಮೇಲಿನ ಇಲಿ ಮಸುಕಾಯಿತು.

"ಈ ಸ್ಲೈಡು ತಪ್ಪು," ಎಂದರು. "ಚಿತ್ರ ತಪ್ಪಲ್ಲ. ಅದರ ಕೆಳಗೆ ನಾಲ್ಕು ಸಾಲು ಇತ್ತು, ಅದನ್ನ ನಾನು ಅಳಿಸಿದ್ದೆ. ಅದಿಲ್ಲದೆ ಇದು ಅರ್ಧ ನಿಜ. ಅರ್ಧ ನಿಜ ನಂಬಿಕೊಂಡು ಒಬ್ಬರು ತಮ್ಮ ಕೋಳಿಮರೀನ ಉಳಿಸೋಕೆ ಹೋದ್ರು. ಕೊಲ್ಲೋಕಲ್ಲ, ಉಳಿಸೋಕೆ."

ಕಿಸಕ್ಕೆಂದ ಮಕ್ಕಳು ಮೂರನೇ ಬೆಂಚಿನ ಕಡೆ ತಿರುಗಿ ನೋಡಿದರು.

"ಇನ್ನೂ ಒಂದಿದೆ. ಡಬ್ಬದಲ್ಲಿ ಇಡಬಹುದಾ ಅಂತ ನನ್ನನ್ನ ಕೇಳಿದ್ಲು. ಚೀಟಿ ಬರೆದು ಕೇಳಿದ್ಲು. ನಾನು ಓದದೆ ರೈಟ್ ಹಾಕಿದೆ." ಬಾಗಿಲ ಕಡೆ ತಿರುಗಿದರು. "ಅಮ್ಮಾ, ಆ ಕೆಂಪು ರೈಟು ನಂದೇ. ನಿಮ್ಮ ಮಗಳು ಸುಳ್ಳು ಹೇಳಲಿಲ್ಲ. ನಿನ್ನೆ ಗೇಟಲ್ಲಿ ನೀವು ಹೇಳ್ದಾಗ ನನಗೆ ಗೊತ್ತಿತ್ತು, ನಾನು ಬಾಯಿ ಮುಚ್ಕೊಂಡೆ. ಅದು ಇದೆಲ್ಲಕ್ಕಿಂತ ದೊಡ್ಡ ತಪ್ಪು."

ತಾಯಿ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು. ಅವರ ಕಣ್ಣು ಮಗಳನ್ನು ಹುಡುಕಿತು, ಮಗಳ ಕೆನ್ನೆಯ ಮೇಲೆ ನಿಂತಿತು. ಸಾಹೇಬರು ಏನೋ ಹೇಳಲು ಗಂಟಲು ಸರಿಮಾಡಿಕೊಂಡರು. ಹೆಡ್ ಮಿಸ್ ಅವರ ತೋಳು ಮುಟ್ಟಿ ಬೇಡ ಎಂಬಂತೆ ತಲೆಯಾಡಿಸಿದರು. ಯಾಕೆ ಹಾಗೆ ಮಾಡಿದರೋ ಅವರಿಗೇ ಗೊತ್ತಿರಲಿಕ್ಕಿಲ್ಲ.

ಟೀಚರ್ ಕರಿಹಲಗೆಯ ಮೇಲೆ ಆ ನಾಲ್ಕು ಸಾಲನ್ನೂ ಬರೆದರು. ಬೆಳಕಿದ್ದಾಗ ಎಲೆಯಿಂದ ಹೊರಗೆ ಹೋಗುವ ಆಮ್ಲಜನಕದ ಬಾಣ ದಪ್ಪಗೆ, ಕತ್ತಲಲ್ಲಿ ಒಳಕ್ಕೆ ಬರುವ ಬಾಣ ತೆಳ್ಳಗೆ ಎಳೆದರು. ರಾತ್ರಿ ಗಿಡದ ಪಕ್ಕ ಮಲಗಿದರೆ ಹೆದರಬೇಕಿಲ್ಲ, ಕೋಣೆಯಲ್ಲಿ ಬೇಕಾದಷ್ಟು ಗಾಳಿ ಇರುತ್ತದೆ. ಬಿಗಿದ ಡಬ್ಬಿಯ ಮಾತೇ ಬೇರೆ ಎಂದು ವಿವರಿಸಿದರು. ಮಕ್ಕಳು ಹಲಗೆ ನೋಡಿ ಬರೆದುಕೊಂಡರು. ಗಂಟೆ ಹೊಡೆಯಿತು. ಯಾರೂ ಓಡಲಿಲ್ಲ, ಒಬ್ಬೊಬ್ಬರೇ ಎದ್ದು ಹೋದರು. ಸಾಹೇಬರು ಹೋಗುವಾಗ, "ಈ ಪಾಠ ಸದ್ಯಕ್ಕೆ ಎಲ್ಲಿಗೂ ಕಳಿಸೋದು ಬೇಡ," ಎಂದರು. ಟೀಚರ್ ಆಗಲಿ ಎಂದು ತಲೆಯಾಡಿಸಿದರು. ನಲವತ್ತು ಶಾಲೆಯ ಆಸೆ ಅಲ್ಲಿಗೆ ನೀರಿನಲ್ಲಿ ಹೋಯಿತು. ದುಃಖವಾಗಲಿಲ್ಲ ಎಂದರೆ ಸುಳ್ಳಾದೀತು, ಆಯಿತು.

ಚೀಟಿ ಮಾತ್ರ ಕೂತಲ್ಲೇ ಕೂತಿದ್ದಳು. ತಾಯಿ ಬಾಗಿಲಲ್ಲಿ ಕಾದಿದ್ದರು. ಹುಡುಗಿ ಎದ್ದು, ಮೇಜಿನ ಬಳಿ ಬಂದು, ಮಡಿಕೆಯಲ್ಲಿ ಸವೆದ ಒಂದು ಚೀಟಿಯನ್ನು ಟೀಚರ ಮುಂದೆ ಇಟ್ಟಳು. ಗಿಡದ ಜೊತೆ ಡಬ್ಬದಲ್ಲಿ ಇಟ್ಟರೆ ನನ್ನ ಮರಿಗೆ ಒಳ್ಳೆ ಗಾಳಿ ಸಿಗುತ್ತಾ ಮಿಸ್? ಅದರ ಮೇಲೆ ಉದ್ದಕ್ಕೆ ಕೆಂಪು ರೈಟು.

"ಮಿಸ್," ಎಂದಳು. ಬಾಯಿ ಬಿಟ್ಟು ಅವಳು ಕೇಳುತ್ತಿದ್ದದ್ದು ಅದೇ ಮೊದಲು, ದನಿ ಒಡಕಾಗಿತ್ತು. "ಆದ್ರೂ ಮುಚ್ಚಳ ಹಾಕಿದ್ದು ನಾನೇ ಅಲ್ವಾ?"

ಟೀಚರಿಗೆ ಅಲ್ಲ ಎಂದುಬಿಡಬೇಕು ಅನ್ನಿಸಿತು. ಒಂದೇ ಪದ, ಸಾಹೇಬರ ಲೆಕ್ಕಕ್ಕೂ ಸರಿ. ಹೇಳಲಿಲ್ಲ.

"ಹೂಂ, ನೀನೇ ಹಾಕಿದ್ದು," ಎಂದರು. "ಕೇಳಿ ಹಾಕಿದೆ. ಹಾಕು ಅಂದೋಳು ನಾನು."

ಹುಡುಗಿಯ ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಟೀಚರ್ ಕೆಂಪು ಪೆನ್ನಿನಿಂದ ಆ ರೈಟಿನ ಮೇಲೆ ಅಡ್ಡಗೆರೆ ಎಳೆದು, ತಪ್ಪು ಎಂದು ಬರೆದು, ಕೆಳಗೆ ತಮ್ಮ ಸಹಿ ಹಾಕಿದರು. ಆಮೇಲೆ ಚೀಟಿಯನ್ನು ಮಗುಚಿ ಉತ್ತರ ಬರೆಯತೊಡಗಿದರು. ಹುಡುಗಿ ಮೇಜಿಗೆ ಗಲ್ಲ ಊರಿ, ಒಂದೊಂದು ಅಕ್ಷರ ಮೂಡಿದ ಹಾಗೆಲ್ಲ ತಲೆಕೆಳಗಾಗಿಯೇ ಓದುತ್ತ ನಿಂತಳು. ಮೂರು ಸಾಲಿಗೆ ಚೀಟಿ ತುಂಬಿತು. ಟೀಚರ್ ನೋಟ್‌ಬುಕ್ಕಿನಿಂದ ಒಂದು ದೊಡ್ಡ ಹಾಳೆ ಹರಿದುಕೊಂಡು ಮುಂದಕ್ಕೆ ಬರೆದರು.